ಅಜ್ಜಿ ಹೆಸರಿನ ಸ್ಕಾಲರ್‌ಶಿಪ್‌ಗೆ ಈಗ ಎಷ್ಟು ದುಡ್ಡು ಇಡಬೇಕು

"ಚಿಕ್ಕಪ್ಪ, ಅಜ್ಜಿ ಹೆಸರಲ್ಲಿ ಊರಿನ ಹೈಸ್ಕೂಲಿನ 5 ಹೆಣ್ಣುಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡೋಣ ಅಂತಿದೀವಲ್ಲ, ಮುಂದಿನ ಜೂನ್‌ನಿಂದ ತಲಾ 12,000, ವರ್ಷ ವರ್ಷ 6 ಪರ್ಸೆಂಟ್ ಜಾಸ್ತಿ, ಒಟ್ಟು 15 ವರ್ಷ. ಬಡ್ಡಿ 7 ಪರ್ಸೆಂಟ್ ಅಂತ ಇಟ್ಕೊಂಡಿದೀವಿ. ಭಾವ 8 ಲಕ್ಷ 57 ಸಾವಿರ ಇಟ್ರೆ ಅಸಲು ಮುಟ್ಟದೆ ಬಡ್ಡಿಯಲ್ಲೇ ನಡೆಯತ್ತೆ ಅಂತಾರೆ, ಅಣ್ಣ 14 ಲಕ್ಷ ಬೇಕು ಅಂತಾನೆ. ಈಗ ಎಲ್ಲರೂ ಸೇರಿ ಎಷ್ಟು ಹಾಕಬೇಕು?"

ಪುಟ್ಟಿ, 7 ಲಕ್ಷ 88 ಸಾವಿರ ಸಾಕು. ಮೊದಲು ಉತ್ತರ ಹೇಳಿಬಿಟ್ಟೆ, ಇನ್ನು ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗತ್ತೆ, ಅಡುಗೆ ಮಾಡ್ತಾ ಕೇಳಿಸ್ಕೊಳ್ಳಿ ಎಲ್ಲರೂ.

ನಿಮ್ಮಣ್ಣ ಮಾಡಿರೋದು ಬರೀ ಕೂಡೋ ಲೆಕ್ಕ. ಮೊದಲ ವರ್ಷ 60,000, ಎರಡನೇ ವರ್ಷ 63,600, ಹಾಗೇ ಏರ್ತಾ ಏರ್ತಾ ಹದಿನೈದನೇ ವರ್ಷಕ್ಕೆ ಹತ್ತಿರ ಹತ್ತಿರ 1 ಲಕ್ಷ 36 ಸಾವಿರ. ಎಲ್ಲಾ ಕೂಡಿದ್ರೆ 13 ಲಕ್ಷ 97 ಸಾವಿರ ಬರತ್ತೆ, ಅದನ್ನೇ 14 ಅಂದಿದಾನೆ. ಕೂಡಿದ್ದು ಸರಿಯಾಗೇ ಇದೆ, ಆದರೆ ದುಡ್ಡು ಬ್ಯಾಂಕಲ್ಲಿ ಬಡ್ಡಿ ದುಡೀತಾ ಕೂತಿರತ್ತೆ ಅನ್ನೋದನ್ನೇ ಮರೆತಿದಾನೆ.

ಹೀಗೆ ಯೋಚನೆ ಮಾಡು. ಅಜ್ಜಿ ಇದ್ದಿದ್ರೆ ಏನ್ಮಾಡ್ತಿದ್ರು? 15 ಕವರ್ ತಗೊಂಡು, ಒಂದೊಂದರ ಮೇಲೂ ವರ್ಷ ಬರೆದು, ಆ ವರ್ಷದ ದುಡ್ಡು ಅದರೊಳಗೆ ಹಾಕಿ ಬೀರುವಲ್ಲಿ ಇಡ್ತಿದ್ರು. ನಾವೂ ಅದನ್ನೇ ಮಾಡೋಣ, ಬೀರು ಬದಲು ಬ್ಯಾಂಕು ಅಷ್ಟೇ. ಮೊದಲ ಕವರಿಂದ ಮುಂದಿನ ಜೂನ್‌ಗೆ 60,000 ಬರಬೇಕು. 7 ಪರ್ಸೆಂಟ್ ಬಡ್ಡಿ ಇದ್ರೆ ಇವತ್ತು 56,075 ಹಾಕಿದ್ರೆ ಸಾಕು, ವರ್ಷ ತುಂಬೋ ಹೊತ್ತಿಗೆ ಅದು 60,000 ಆಗಿರತ್ತೆ. ಎರಡನೇ ಕವರಿಂದ 63,600 ಬರಬೇಕು, ಅದಕ್ಕೆ ಎರಡು ವರ್ಷ ಟೈಮ್ ಇದೆ, ಹಾಗಾಗಿ ಇವತ್ತು 55,551. ಮೂರನೇದಕ್ಕೆ 55,032. ಕೊಡೋ ಮೊತ್ತ ವರ್ಷಕ್ಕೆ 6 ಏರತ್ತೆ, ದುಡ್ಡು 7 ಬೆಳೆಯತ್ತೆ, ಅದಕ್ಕೇ ಒಂದೊಂದು ಕವರೂ ಹಿಂದಿನದಕ್ಕಿಂತ ಒಂದು ಪರ್ಸೆಂಟಿಗಿಂತ ಚೂರು ಕಡಿಮೆ ಸಣ್ಣದಾಗ್ತಾ ಹೋಗತ್ತೆ. ಕೊನೇ ಕವರ್‌ಗೆ, ಅಂದ್ರೆ 1 ಲಕ್ಷ 36 ಸಾವಿರ ಕೊಡಬೇಕಾದ ವರ್ಷಕ್ಕೆ, ಇವತ್ತು ಹಾಕಬೇಕಾದ್ದು 49,167 ಮಾತ್ರ. ಹದಿನೈದೂ ಕವರ್ ಕೂಡು, 7 ಲಕ್ಷ 88 ಸಾವಿರದ 260 ಚಿಲ್ಲರೆ. ಬ್ಯಾಂಕಿನವರು ಇದಕ್ಕೆ ಗ್ರೋಯಿಂಗ್ ಆನ್ಯುಯಿಟಿಯ ಪ್ರೆಸೆಂಟ್ ವ್ಯಾಲ್ಯೂ ಅಂತಾರೆ. ಹೆಸರು ದೊಡ್ಡದು, ಒಳಗಿರೋದು ಈ ಕವರುಗಳೇ.

ಒಂದೊಂದೇ ಕವರ್ ಕೂಡ್ತಾ ಕೂರೋದು ಬೇಡ ಅಂದ್ರೆ ಒಂದೇ ಸಾಲಲ್ಲಿ ಆಗತ್ತೆ. ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗಲ್ಲ, ಟೈಪ್ ಮಾಡಿ ಹಾಕಿದೀನಿ, ಎಕ್ಸೆಲ್‌ಗೆ ಪೇಸ್ಟ್ ಮಾಡಿ ನೋಡು:

```
=60000/(0.07-0.06)*(1-(1.06/1.07)^15)
```

ಅದರಲ್ಲಿ ಮೊದಲ ವರ್ಷದ ಮೊತ್ತವನ್ನ ಬಡ್ಡಿಗೂ ಏರಿಕೆಗೂ ಇರೋ ಅಂತರದಿಂದ ಭಾಗಿಸಿದೀವಿ. ಅಂತರ ಅಲ್ಲಿ ಕೆಳಗೆ ಕೂತಿರೋದರಿಂದ ಎರಡೂ ಒಂದೇ ಆದ್ರೆ, ಅಂದ್ರೆ ಬಡ್ಡಿನೂ 6 ಏರಿಕೆನೂ 6 ಅಂತ ಹಾಕಿದ್ರೆ, ಎಕ್ಸೆಲ್ ಎರರ್ ತೋರಿಸತ್ತೆ. ಗಾಬರಿ ಬೀಳಬೇಡ. ಆಗ ಎಲ್ಲಾ ಕವರೂ ಒಂದೇ ಅಳತೆ ಅಂತ ಅರ್ಥ: 60,000ವನ್ನ 1.06ರಿಂದ ಭಾಗಿಸಿ 15ರಿಂದ ಗುಣಿಸು, 8 ಲಕ್ಷ 49 ಸಾವಿರ.

ಈಗ ಭಾವನ ಮಾತಿಗೆ ಬರ್ತೀನಿ. ಭಾವ, ನೀವು ಕೇಳ್ತಾ ಇದೀರ ಅಂತ ಗೊತ್ತು, ಬೇಜಾರು ಮಾಡ್ಕೋಬೇಡಿ. ನೀವು ಹೇಳಿದ ಮೊತ್ತ ಇಟ್ರೆ ಸ್ಕಾಲರ್‌ಶಿಪ್ 15 ವರ್ಷ ಆರಾಮಾಗಿ ನಡೆಯತ್ತೆ, ಹದಿನಾರನೇ ವರ್ಷಕ್ಕೂ ಬರತ್ತೆ. ಆದರೆ ಅಸಲು ಮುಟ್ಟದೆ ನಡೆಯಲ್ಲ. 8 ಲಕ್ಷ 57 ಸಾವಿರಕ್ಕೆ ವರ್ಷಕ್ಕೆ ಬಡ್ಡಿ 60,000, ಸರಿ. ಎರಡನೇ ವರ್ಷ ಕೊಡಬೇಕಾದ್ದು 63,600, ಬಡ್ಡಿ ಅದೇ 60,000. ಅಲ್ಲೇ ಅಸಲಿಗೆ ಕೈ ಬಿತ್ತು. ಇಷ್ಟೇ ದುಡ್ಡಿಟ್ಟು ಅಸಲು ಮುಟ್ಟಲೇಬಾರದು ಅಂದ್ರೆ ಮಕ್ಕಳಿಗೆ ಕೊಡೋದನ್ನ ಏರಿಸೋ ಹಾಗಿಲ್ಲ. ಹಾಗೆ ಏರಿಸದೆ ಬಿಟ್ರೆ ಏನಾಗತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಕನ್ನಡದಲ್ಲಿ ಜಾಸ್ತಿ ನಂಬರ್ ಬಂತು ಅಂತ ಒಂದು ದತ್ತಿ ಬಹುಮಾನ ಕೊಟ್ಟಿದ್ರು, 100 ರೂಪಾಯಿ. ಆ ದುಡ್ಡಲ್ಲಿ ಪಿಯುಸಿ ಪುಸ್ತಕ ಎಲ್ಲಾ ತಗೊಂಡು, ಮಿಕ್ಕಿದ್ದರಲ್ಲಿ ಒಂದು ಜೊತೆ ಚಪ್ಪಲಿನೂ ಬಂತು. ಮೊನ್ನೆ ಅದೇ ಸ್ಕೂಲಿಗೆ ಕರೆದಿದ್ರು, ಅದೇ ದತ್ತಿ ಬಹುಮಾನ ಇನ್ನೂ ಕೊಡ್ತಿದಾರೆ, ಇನ್ನೂ 100 ರೂಪಾಯಿ! ಹುಡುಗಿ ಕವರ್ ತೆಗೆದು ನೋಡಿ ಅವರಮ್ಮನ ಮುಖ ನೋಡಿದಳು. ನನಗೆ ಹಾಕಿದ ಹಾರಕ್ಕೇ ಅದಕ್ಕಿಂತ ಜಾಸ್ತಿ ಆಗಿರತ್ತೆ. ಅಸಲು ಮಾತ್ರ ಭದ್ರವಾಗಿದೆ.

ಹಾಗಾದ್ರೆ ಏರಿಸ್ತಾನೂ ಇರಬೇಕು, ಎಂದೆಂದಿಗೂ ನಡೀಬೇಕು ಅಂದ್ರೆ ಎಷ್ಟು ಅಂತ ನಿಮ್ಮಮ್ಮ ಕೇಳೇ ಕೇಳ್ತಾರೆ. ಮೇಲಿನ ಸಾಲಲ್ಲಿ ಮೊದಲ ಭಾಗ ಮಾತ್ರ ಇಟ್ಕೋ: 60,000 ಭಾಗಿಸು 0.01, 60 ಲಕ್ಷ. ಹೌದು, ಅರವತ್ತು. ಏರಿಕೆ 4 ಪರ್ಸೆಂಟಿಗೆ ಇಳಿಸಿದ್ರೆ 20 ಲಕ್ಷ. ಏರಿಕೆ ಬಡ್ಡಿಯಷ್ಟೇ ಆದ್ರೆ ಎಷ್ಟು ಇಟ್ರೂ ಸಾಲಲ್ಲ. ಅದಕ್ಕೇ 15 ವರ್ಷ ಅಂತ ಗಡಿ ಹಾಕಿರೋದು ಒಳ್ಳೇದೇ ಆಯ್ತು.

ಇನ್ನು ನನಗೆ ನಿಜವಾಗಿ ಭಯ ಇರೋ ವಿಷಯ ಹೇಳ್ತೀನಿ, ಇದನ್ನ ಸರಿಯಾಗಿ ಕೇಳಿಸ್ಕೋ. ಈ ಫಂಡು ಮೊದಮೊದಲು ಕರಗಿದ ಹಾಗೇ ಕಾಣಲ್ಲ. ಮೊದಲ ವರ್ಷ 55,000 ಚಿಲ್ಲರೆ ಬಡ್ಡಿ ಬರತ್ತೆ, 60,000 ಹೋಗತ್ತೆ, 4,800 ಕಡಿಮೆ ಆಗತ್ತೆ ಅಷ್ಟೇ. ಐದು ಸಲ ಕೊಟ್ಟಾದ ಮೇಲೂ ಪಾಸ್‌ಬುಕ್ಕಲ್ಲಿ 7 ಲಕ್ಷ 20 ಸಾವಿರ ಇರತ್ತೆ. ಹತ್ತು ಸಲ ಕೊಟ್ಟ ಮೇಲೆ 4 ಲಕ್ಷ 93 ಸಾವಿರ. ಅಲ್ಲಿಂದ ಐದೇ ವರ್ಷಕ್ಕೆ ಸೊನ್ನೆ. ಅಷ್ಟೊಂದು ದುಡ್ಡು ಹಾಗೇ ಇದೆಯಲ್ಲ ಅಂತ ಐದನೇ ವರ್ಷದ ಮೀಟಿಂಗಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ, ಇನ್ನೊಂದು ಹುಡುಗಿನ ಸೇರಿಸೋಣ ಅಂತಾರೆ. ಒಳ್ಳೇ ಮನಸ್ಸಿಂದಲೇ ಹೇಳ್ತಾರೆ. ಆದರೆ ಆರನೇ ವರ್ಷದಿಂದ ಆರು ಮಕ್ಕಳಿಗೆ ಕೊಡಬೇಕು ಅಂದ್ರೆ ಆಗ 8 ಲಕ್ಷ 64 ಸಾವಿರ ಇರಬೇಕು, ಇರೋದು 7 ಲಕ್ಷ 20 ಸಾವಿರ. ಸೇರಿಸಿದ್ರೆ ಹದಿಮೂರನೇ ವರ್ಷದವರೆಗೆ ಏನೂ ಗೊತ್ತಾಗಲ್ಲ, ಹದಿನಾಲ್ಕನೇ ಜೂನಲ್ಲಿ ಆರು ಮಕ್ಕಳ ಮುಂದೆ ಕಾಲು ಭಾಗದ ದುಡ್ಡು ಹಿಡ್ಕೊಂಡು ನಿಂತಿರ್ತೀವಿ. ಆರನೇ ಹುಡುಗಿ ಬೇಕು ಅಂದೋರು 1 ಲಕ್ಷ 44 ಸಾವಿರ ಚೆಕ್ ಜೊತೆಗೆ ತರಬೇಕು ಅಂತ ಈಗಲೇ ಬರೆದಿಡು.

ಫಂಡು ದಾರಿ ತಪ್ಪಿದೆಯಾ ಅಂತ ನೋಡೋದು ಸುಲಭ. ಪ್ರತಿ ಜೂನ್ ಕೊಟ್ಟಾದ ಮೇಲೆ ಅದೇ ಎಕ್ಸೆಲ್ ಸಾಲಲ್ಲಿ 60000 ಇರೋ ಕಡೆ ಮುಂದಿನ ವರ್ಷ ಕೊಡಬೇಕಾದ ಮೊತ್ತ, 15 ಇರೋ ಕಡೆ ಉಳಿದ ವರ್ಷ ಹಾಕು. ಬಂದ ಉತ್ತರಕ್ಕಿಂತ ಪಾಸ್‌ಬುಕ್ ಕಡಿಮೆ ಇದ್ರೆ ಆ ವರ್ಷವೇ ಏರಿಕೆನ 6ರಿಂದ ಇಳಿಸಿ, ಇಲ್ಲಾ ವ್ಯತ್ಯಾಸ ತುಂಬಿ. ಬಡ್ಡಿ ದರ ಬದಲಾಗಿದ್ರೆ 0.07 ಮತ್ತೆ 1.07 ಎರಡನ್ನೂ ಬದಲಾಯಿಸು, ಒಂದನ್ನ ಮರೆತ್ರೆ ಉತ್ತರ ಕೆಟ್ಟುಹೋಗತ್ತೆ. ದರ ಬದಲಾಗೇ ಆಗತ್ತೆ, ಬ್ಯಾಂಕುಗಳು ಎಫ್‌ಡಿ ತಗೊಳ್ಳೋದೇ ಸಾಮಾನ್ಯವಾಗಿ ಹೆಚ್ಚಂದ್ರೆ 10 ವರ್ಷಕ್ಕೆ, 15 ವರ್ಷ ಇದೇ 7 ಸಿಗತ್ತೆ ಅಂತ ಯಾರೂ ಬರೆದುಕೊಡಲ್ಲ.

ಇನ್ನೊಂದು, ದುಡ್ಡು ಯಾರ ಹೆಸರಲ್ಲಿ ಇಡ್ತೀರ? ನಿಮ್ಮಣ್ಣನ ಹೆಸರಲ್ಲಿ ಇಟ್ರೆ ಬಡ್ಡಿ ಅವನ ಆದಾಯಕ್ಕೆ ಸೇರತ್ತೆ, ಅವನು 30 ಪರ್ಸೆಂಟ್ ಸ್ಲ್ಯಾಬಲ್ಲಿದ್ರೆ ತೆರಿಗೆ ಕಳೆದು 7 ಅನ್ನೋದು 5ಕ್ಕಿಂತ ಸ್ವಲ್ಪ ಕೆಳಗೆ ಬರತ್ತೆ. 5 ಅಂತಲೇ ಇಟ್ಕೊಂಡ್ರೂ 9 ಲಕ್ಷ 17 ಸಾವಿರ ಬೇಕು. ಆಗ ಭಾವ ಹೇಳಿದ ಮೊತ್ತವೂ ಸಾಲಲ್ಲ, ನೋಡು! ಅದಕ್ಕೇ ಟ್ರಸ್ಟ್ ಮಾಡಿ ತೆರಿಗೆ ವಿನಾಯಿತಿ ತಗೊಳ್ಳೋಕೆ ಆಗತ್ತಾ ಅಂತ ಆಡಿಟರ್ ಹತ್ರ ಮೊದಲು ಕೇಳಿ. ಆ ಖರ್ಚು ಬೇರೆ, ಅದು ಈ ಲೆಕ್ಕದಲ್ಲಿಲ್ಲ.

ಅಯ್ಯೋ, ಒಂದು ಮರೆತೇ ಹೋಗಿತ್ತು. ಮೊದಲ ಕಂತು ಮುಂದಿನ ಜೂನ್ ಅಂತ ನೀನು ಬರೆದಿದೀಯ, ಆದರೆ ನಿನ್ನೆ ಫೋನಲ್ಲಿ ನಿಮ್ಮಮ್ಮ ಈ ವರ್ಷವೇ, ದುಡ್ಡು ಸೇರಿದ ತಕ್ಷಣ ಕೊಟ್ಟುಬಿಡೋಣ ಅಂತಿದ್ರು. ಹಾಗಾದ್ರೆ ಎಲ್ಲಾ ಕವರೂ ಒಂದು ವರ್ಷ ಮುಂಚೆ ಒಡೀಬೇಕಾಗತ್ತೆ, ಒಟ್ಟು ಮೊತ್ತವನ್ನ ಇನ್ನೊಂದು ಸಲ 1.07ರಿಂದ ಗುಣಿಸಬೇಕು, 8 ಲಕ್ಷ 43 ಸಾವಿರ ಆಗತ್ತೆ. ಯಾವ ಜೂನ್ ಅಂತ ನಿಮ್ಮಮ್ಮನ್ನ ಕೇಳಿ ಹಾಕು, ಆಮೇಲೆ ತಲಾ ಎಷ್ಟು ಅಂತ ನಾನು ಹಂಚಿ ಹೇಳ್ತೀನಿ.