ಟೆಕ್ ಫೆಸ್ಟ್ ಪ್ರಾಯೋಜಕತ್ವದ ಪತ್ರ: ಅಂಗಡಿಯವರು ‘ನೋಡೋಣ’ ಎಂದರೆ ಏನು ಬದಲಿಸಬೇಕು?

ಪ್ರಶ್ನೆ (ವಿದ್ಯಾರ್ಥಿ ಸಮಿತಿಯ ಸದಸ್ಯೆ, ದಾವಣಗೆರೆ): ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಾರ್ಚ್‌ನಲ್ಲಿ ಎರಡು ದಿನಗಳ ಟೆಕ್ ಫೆಸ್ಟ್ ಇದೆ. ಲ್ಯಾಪ್‌ಟಾಪ್ ಮಾರಾಟ ಮತ್ತು ರಿಪೇರಿಯ ಅಂಗಡಿಯೊಂದಕ್ಕೆ ₹25,000 ಕೋರಿ ಪತ್ರ ಕೊಟ್ಟೆವು. ‘ನಿಮ್ಮ ಸಂಸ್ಥೆಗೆ ವ್ಯಾಪಕ ಪ್ರಚಾರ ದೊರೆಯುತ್ತದೆ’ ಎಂದೂ ಬರೆದಿದ್ದೆವು. ಮಾಲೀಕರು ಓದಿ, ‘ನೋಡೋಣ’ ಎಂದು ಪತ್ರವನ್ನು ಗಾಜಿನ ಕೆಳಗಿಟ್ಟರು. ಹತ್ತು ದಿನಗಳಾದವು. ಪತ್ರದಲ್ಲಿ ಏನು ತಪ್ಪಿದೆ?

ಅಂಗಡಿಗಳ ಜಾಹೀರಾತು ನೋಡಿಕೊಳ್ಳುವವರು, ಹುಬ್ಬಳ್ಳಿ: ‘ವ್ಯಾಪಕ ಪ್ರಚಾರ’ ಎಂಬುದನ್ನು ಅಂಗಡಿಯವರು ಎಣಿಸಲಾರರು. ಗಣೇಶೋತ್ಸವದ ಸಮಿತಿಯಿಂದ ಹಿಡಿದು ಕ್ರಿಕೆಟ್ ಪಂದ್ಯಾವಳಿಯವರವರೆಗೆ ಎಲ್ಲರೂ ಅವರಿಗೆ ಅದನ್ನೇ ಹೇಳಿರುತ್ತಾರೆ. ಲ್ಯಾಪ್‌ಟಾಪ್ ಅಂಗಡಿಗೆ ಬೇಕಾದವನು ಕೀಬೋರ್ಡ್ ಕೆಟ್ಟ, ಬ್ಯಾಟರಿ ಉಬ್ಬಿದ, ಪ್ರಾಜೆಕ್ಟಿಗೆ ಮುನ್ನ ಎಸ್‌ಎಸ್‌ಡಿ ಹಾಕಿಸಬೇಕೆಂದಿರುವ ವಿದ್ಯಾರ್ಥಿ. ಅವನು ಅಂಗಡಿಯ ಬಾಗಿಲಿಗೆ ಬರುವ ದಾರಿ ನಿಮ್ಮ ಪತ್ರದಲ್ಲಿ ಕಾಣಬೇಕು. ಕಳೆದ ವರ್ಷದ ನೋಂದಣಿ ಪುಸ್ತಕ ತೆಗೆದು, ಒಟ್ಟು ಎಷ್ಟು ಜನ ಬಂದಿದ್ದರು, ಅವರಲ್ಲಿ ದಾವಣಗೆರೆಯಲ್ಲೇ ಓದುವವರೆಷ್ಟು ಎಂಬುದನ್ನು ಮೊದಲು ತಿಳಿಸಿ.

ಪ್ರಶ್ನೆ ಕೇಳಿದವರು: ಒಟ್ಟು 612 ಜನ, ಸರ್. ಊರಿನವರು 380. ಉಳಿದವರು ಚಿತ್ರದುರ್ಗ, ಹಾವೇರಿ, ಶಿವಮೊಗ್ಗದ ಕಡೆಯವರು.

ಜಾಹೀರಾತಿನವರು: ಹಾವೇರಿಯ ಹುಡುಗ ರಿಪೇರಿಗೆಂದು ದಾವಣಗೆರೆಗೆ ಬರುವುದಿಲ್ಲ, ಆದ್ದರಿಂದ ಮಾಲೀಕರ ಮಟ್ಟಿಗೆ ನಿಮ್ಮ ಸಂಖ್ಯೆ 380. ₹25,000ವನ್ನು ಅದರಿಂದ ಭಾಗಿಸಿದರೆ ತಲೆಗೆ ಸುಮಾರು ₹66 ಆಗುತ್ತದೆ. ಒಂದು ಕೆಲಸದಲ್ಲಿ ಅವರಿಗೆ ₹500 ಉಳಿಯುತ್ತದೆಂದು ಇಟ್ಟುಕೊಳ್ಳೋಣ (ನಿಜವಾದ ಅಂಕಿ ಅವರಿಗೇ ಗೊತ್ತು, ನೀವು ಕೇಳಬೇಡಿ). ಹಾಕಿದ ಹಣ ಹಿಂದಿರುಗಬೇಕಾದರೆ 50 ಜನ ಬರಬೇಕು, ಅಂದರೆ ಎಂಟು ವಿದ್ಯಾರ್ಥಿಗಳಲ್ಲಿ ಒಬ್ಬರು. ಅಷ್ಟು ಜನ ಬರುವುದು ಕಷ್ಟ. ಮಾಲೀಕರು ಇದೇ ಲೆಕ್ಕವನ್ನು ಮನಸ್ಸಿನಲ್ಲೇ ಹಾಕಿ ‘ನೋಡೋಣ’ ಎಂದಿರಬಹುದು.

₹10,000 ಕೇಳಿದರೆ 20 ಜನ ಬಂದರೆ ಸಾಕು. ಉಳಿದದ್ದನ್ನು ಹಣವಾಗಿ ಕೇಳದೆ ಕೆಲಸವಾಗಿ ಕೇಳಿ. ಅವರ ಇಬ್ಬರು ತಂತ್ರಜ್ಞರು ಎರಡು ದಿನ ಮಳಿಗೆಯಲ್ಲಿ ಕುಳಿತು ಲ್ಯಾಪ್‌ಟಾಪ್‌ಗಳ ಧೂಳು ತೆಗೆದು, ಉಚಿತವಾಗಿ ತಪಾಸಣೆ ಮಾಡಿಕೊಡಲಿ. ಅದರಿಂದ ನಿಮಗೆ ಒಂದು ಆಕರ್ಷಣೆ ಸಿಗುತ್ತದೆ, ಅವರಿಗೆ ಕೆಟ್ಟ ಯಂತ್ರಗಳೆಲ್ಲ ಕಣ್ಣಿಗೆ ಬೀಳುತ್ತವೆ. ಪತ್ರದ ಮುಖ್ಯ ಭಾಗವನ್ನು ಹೀಗೆ ಬರೆಯಬಹುದು:

> ಮಾನ್ಯರೇ,
> ನಮ್ಮ ತಾಂತ್ರಿಕ ಉತ್ಸವದ ಕೋಡಿಂಗ್ ಸ್ಪರ್ಧೆಗೆ ತಾವು ₹10,000 ಪ್ರಾಯೋಜಕತ್ವ ನೀಡಬೇಕೆಂದು ಕೋರುತ್ತೇವೆ. ಕಳೆದ ವರ್ಷ 612 ವಿದ್ಯಾರ್ಥಿಗಳು ನೋಂದಾಯಿಸಿದ್ದು, ಅವರಲ್ಲಿ 380 ಜನ ದಾವಣಗೆರೆಯಲ್ಲಿಯೇ ಓದುತ್ತಿದ್ದರು. ಈ ಬಾರಿ ಪ್ರತಿಯೊಬ್ಬರ ಗುರುತಿನ ಚೀಟಿಯ ಹಿಂಬದಿಯಲ್ಲಿ ತಮ್ಮ ಅಂಗಡಿಯ ಹೆಸರು, ವಿಳಾಸ ಹಾಗೂ ತಾವು ಒಪ್ಪುವ ರಿಯಾಯಿತಿಯನ್ನು ಕ್ರಮಸಂಖ್ಯೆ ಸಹಿತ ಮುದ್ರಿಸುತ್ತೇವೆ. ಸಭಾಂಗಣದ ಪ್ರವೇಶದ್ವಾರದ ಬಳಿ ವಿದ್ಯುತ್ ಸಂಪರ್ಕವಿರುವ, 10 ಅಡಿ ಉದ್ದ ಹಾಗೂ 10 ಅಡಿ ಅಗಲದ ಮಳಿಗೆಯನ್ನು ಎರಡೂ ದಿನ ಒದಗಿಸುತ್ತೇವೆ. ಉತ್ಸವ ಮುಗಿದ ಹದಿನೈದು ದಿನಗಳೊಳಗೆ ಛಾಯಾಚಿತ್ರಗಳು ಮತ್ತು ಹಾಜರಾತಿಯ ವಿವರವುಳ್ಳ ವರದಿಯನ್ನು ತಲುಪಿಸುತ್ತೇವೆ.

ಆ ಕ್ರಮಸಂಖ್ಯೆ ಬಹಳ ಮುಖ್ಯ. ಚೀಟಿ ಹಿಡಿದು ಬಂದವರನ್ನು ಅಂಗಡಿಯವರೇ ಎಣಿಸಬಹುದು. ಮುಂದಿನ ವರ್ಷ ನೀವು ಹೋದಾಗ ಮಾತು ಅಲ್ಲಿಂದಲೇ ಆರಂಭವಾಗುತ್ತದೆ. ವಿದ್ಯಾರ್ಥಿಗಳ ಫೋನ್ ಸಂಖ್ಯೆಗಳ ಪಟ್ಟಿ ಕೊಡುತ್ತೇವೆಂದು ಮಾತ್ರ ಬರೆಯಬೇಡಿ. ಅವರು ಆ ಸಂಖ್ಯೆ ಕೊಟ್ಟದ್ದು ನಿಮಗೆ, ಅಂಗಡಿಗಲ್ಲ. ‘ಫ್ಲೆಕ್ಸ್ ಹಾಕಿಸುತ್ತೇವೆ’ ಎಂಬ ಸಾಲಿದ್ದರೆ ತೆಗೆಯಿರಿ. ಪ್ಲಾಸ್ಟಿಕ್ ಫ್ಲೆಕ್ಸ್ ಕರ್ನಾಟಕದಲ್ಲಿ 2016ರಿಂದ ನಿಷಿದ್ಧ. ಕಾಲೇಜಿನ ಆವರಣದೊಳಗೆ ಬಟ್ಟೆಯ ಬ್ಯಾನರ್ ಎಂದು ಬರೆಯಿರಿ, ರಸ್ತೆಯ ಬದಿಯದ್ದನ್ನು ಪಾಲಿಕೆಯ ಅನುಮತಿ ಇಲ್ಲದೆ ಒಪ್ಪಿಕೊಳ್ಳಬೇಡಿ.

ಪೀಠೋಪಕರಣ ಅಂಗಡಿಯ ಮಾಲೀಕರು: ನಮ್ಮಲ್ಲಿಗೂ ವರ್ಷಕ್ಕೆ ಹತ್ತಾರು ಸಮಿತಿಗಳು ಬರುತ್ತವೆ. ಒಮ್ಮೆ ಒಂದು ಕಾಲೇಜಿನವರಿಗೆ ₹15,000 ಕೊಟ್ಟಿದ್ದೆ. ಸಂಜೆ ಹೋಗಿ ನೋಡಿದರೆ ನನ್ನ ಬ್ಯಾನರ್ ಜನರೇಟರ್ ಹಿಂದೆ ಕಟ್ಟಲಾಗಿತ್ತು. ಅದಕ್ಕೇ ಈಗ ಯಾರು ಬಂದರೂ ರಸೀದಿ ಹರಿಸಿ ₹501 ಕೊಟ್ಟು ಕಳಿಸುತ್ತೇನೆ. ನೀವೂ ಅಷ್ಟಕ್ಕೇ ತೃಪ್ತರಾಗುವುದು ಒಳ್ಳೆಯದು.

ಜಾಹೀರಾತಿನವರು: ಅದು ಚಂದಾ, ಸ್ವಾಮಿ, ಇವರು ಕೇಳುತ್ತಿರುವುದು ಬೇರೆ. ಆದರೆ ನಿಮ್ಮ ಜನರೇಟರ್ ಕಥೆ ಇವರಿಗೆ ಉಪಯೋಗಕ್ಕೆ ಬರುತ್ತದೆ. ಬ್ಯಾನರ್ ಎಲ್ಲಿ ಕಟ್ಟುತ್ತೇವೆಂಬುದನ್ನು ಆವರಣದ ಚಿಕ್ಕ ನಕ್ಷೆಯಲ್ಲಿ ಗುರುತಿಸಿ ಪತ್ರಕ್ಕೆ ಲಗತ್ತಿಸಲಿ.

ಹಳೆಯ ವಿದ್ಯಾರ್ಥಿ, ಬೆಂಗಳೂರು: ಒಂದು ಸಾಲು ಸೇರಿಸಿ: ‘ಈ ಮೊತ್ತಕ್ಕೆ 80ಜಿ ಅಡಿಯಲ್ಲಿ ತೆರಿಗೆ ವಿನಾಯಿತಿ ಇದೆ.’ ನಾವು ಹಾಗೆಯೇ ಬರೆಯುತ್ತಿದ್ದೆವು. ಅಂಗಡಿಯವರು ತಕ್ಷಣ ಒಪ್ಪುತ್ತಿದ್ದರು.

ತೆರಿಗೆ ಸಲಹೆಗಾರರು, ದಾವಣಗೆರೆ: ದಯವಿಟ್ಟು ಹಾಗೆ ಬರೆಯಬೇಡಿ. ಆ ವಿನಾಯಿತಿ ಅನುಮೋದಿತ ಸಂಸ್ಥೆಗೆ ಪ್ರತಿಫಲವಿಲ್ಲದೆ ಕೊಟ್ಟ ದೇಣಿಗೆಗೆ ಅನ್ವಯಿಸುತ್ತದೆ. ಇಲ್ಲಿ ಮಳಿಗೆ, ಮುದ್ರಣ ಎಲ್ಲವನ್ನೂ ಕೊಡುತ್ತಿರುವುದರಿಂದ ಇದು ದೇಣಿಗೆಯಾಗದೆ ಪ್ರಚಾರದ ವೆಚ್ಚವಾಗುತ್ತದೆ. ಲೆಕ್ಕಪುಸ್ತಕ ಇಡುವ ಮಾಲೀಕರು ಅದನ್ನು ವ್ಯಾಪಾರದ ಖರ್ಚಾಗಿ ತೋರಿಸಬಹುದು. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ಅಂಗಡಿಯವರಾದರೆ ಈ ಖರ್ಚನ್ನು ಬೇರೆಯಾಗಿ ಕಳೆಯಲು ಬರುವುದೇ ಇಲ್ಲ. ಆದ್ದರಿಂದ ತೆರಿಗೆಯ ಆಸೆ ತೋರಿಸುವ ಸಾಲು ಪತ್ರದಲ್ಲಿ ಬೇಡ.

ಹಣವನ್ನು ಕಾಲೇಜಿನ ಖಾತೆಗೇ ಹಾಕಿಸಿಕೊಂಡು, ಪ್ರಾಂಶುಪಾಲರ ಮೊಹರಿರುವ ರಸೀದಿ ಕೊಡಿ. ವಿದ್ಯಾರ್ಥಿಯೊಬ್ಬರ ಯುಪಿಐ ಸಂಖ್ಯೆಯನ್ನು ಪತ್ರದಲ್ಲಿ ಕಂಡರೆ ಅನುಭವಸ್ಥ ವ್ಯಾಪಾರಿ ಅಲ್ಲಿಗೇ ನಿಲ್ಲುತ್ತಾನೆ. ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದಾಗಿ ಕೊಟ್ಟರೆ ಸಾಮಾನ್ಯವಾಗಿ ಅದನ್ನು ಖರ್ಚಾಗಿ ಒಪ್ಪುವುದಿಲ್ಲ ಎಂಬುದೂ ಅವರಿಗೆ ಗೊತ್ತಿರುತ್ತದೆ. ಜಿಎಸ್‌ಟಿ ವಿಷಯವನ್ನು ಕಾಲೇಜಿನ ಲೆಕ್ಕಪತ್ರ ವಿಭಾಗದಲ್ಲಿ ಕೇಳಿ, ಕೋರಿದ ಮೊತ್ತ ತೆರಿಗೆ ಸೇರಿಯೋ ಹೊರತಾಗಿಯೋ ಎಂದು ಸ್ಪಷ್ಟವಾಗಿ ಬರೆಯಿರಿ. ಇನ್ನೊಂದು ಮಾತು: ಮೊದಲ ಪತ್ರದಲ್ಲೇ ಮೊತ್ತ ನಮೂದಿಸುವುದು ನನಗೆ ಸರಿ ಕಾಣುವುದಿಲ್ಲ. ಭೇಟಿಯಲ್ಲಿ ಮಾತಾಡಿದರೆ ಅವರೇ ಹೆಚ್ಚು ಹೇಳಿಯಾರು.

ಜಾಹೀರಾತಿನವರು: ಮೊತ್ತದ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ವಿದ್ಯಾರ್ಥಿಗಳು ಎದುರಿಗೆ ಕುಳಿತು ಚೌಕಾಸಿ ಮಾಡಲಾರರು, ಮಾಲೀಕರು ₹1,000ಕ್ಕೆ ಮಾತು ಮುಗಿಸಿಬಿಡುತ್ತಾರೆ. ದೊಡ್ಡ ಶೋರೂಮಿಗೆ ಹೋಗುವಾಗ ಬೇಕಾದರೆ ನಿಮ್ಮ ದಾರಿ ನೋಡಬಹುದು.

ಪ್ರಶ್ನೆ ಕೇಳಿದವರು: ಪತ್ರ ತಿದ್ದಿದ್ದೇವೆ, ನಾಳೆ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಹೋಗುತ್ತೇವೆ. ‘ಬೇರೆ ಯಾವ ಕಂಪ್ಯೂಟರ್ ಅಂಗಡಿಗೂ ಅವಕಾಶ ಕೊಡುವುದಿಲ್ಲ’ ಎಂಬ ಸಾಲನ್ನೂ ಸೇರಿಸಬಹುದೇ? ನಿನ್ನೆ ನಮ್ಮ ಇನ್ನೊಂದು ತಂಡ ಪಕ್ಕದ ಬೀದಿಯ ಅಂಗಡಿಗೆ ಹಳೆಯ ಪತ್ರವನ್ನೇ ಕೊಟ್ಟು ಬಂದಿದೆ.

ಜಾಹೀರಾತಿನವರು: ಹಾಗಾದರೆ ಈಗ ಬೇಡ. ಆ ಸಾಲಿಗೆ ₹10,000ಕ್ಕಿಂತ ಹೆಚ್ಚಿನ ಬೆಲೆಯಿದೆ, ಆದರೆ ಅದು ಸದ್ಯ ನಿಮ್ಮ ಕೈಯಲ್ಲಿಲ್ಲ. ಮೊದಲು ಪಕ್ಕದ ಬೀದಿಯವರಿಗೆ ಫೋನ್ ಮಾಡಿ, ಅವರು ಬೇಡವೆಂದರೆ ಅದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಅವರು ಬರುತ್ತೇವೆಂದರೆ ಇವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಎರಡು ಮಳಿಗೆಗಳನ್ನು ಸಭಾಂಗಣದ ಎರಡು ತುದಿಗಳಲ್ಲಿ ಇಡಿ.