ಅಪ್‌ಡೇಟ್: ಕುರ್ಚಿಗಳ ದರಪಟ್ಟಿಯ ಇಮೇಲ್ ಕಳುಹಿಸಿದೆ

ನನ್ನ ಪ್ರಶ್ನೆ ಇದಾಗಿತ್ತು: "40 ಕುರ್ಚಿಗಳಿಗೆ ದರ ಕೇಳಿರುವ ಹೊಸ ಗ್ರಾಹಕರಿಗೆ ಈ ಇಮೇಲ್ ಕಳುಹಿಸಬೇಕು. 'ಶೇ 10 ರಿಯಾಯಿತಿ ಇದೆ. ತೆರಿಗೆ, ಸಾಗಣೆ ಪ್ರತ್ಯೇಕ. ಈ ದರ ಒಂದು ವಾರ ಮಾನ್ಯ.' ತಪ್ಪುಗಳಿದ್ದರೆ ತಿದ್ದಿಕೊಡಿ."

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಆರ್ಡರ್ ಬಂದಿದೆ!

ಹೆಚ್ಚು ಉಪಯೋಗವಾದದ್ದು "ಗ್ರಾಹಕರ ಜಾಗದಲ್ಲಿ ಕುಳಿತು, ಕೊನೆಗೆ ಎಷ್ಟು ಹಣ ಕೊಡಬೇಕೆಂದು ಲೆಕ್ಕ ಹಾಕಿ ನೋಡಿ" ಎಂಬ ಸಲಹೆ. ಹಾಗೆ ಮಾಡಿದಾಗ ರಿಯಾಯಿತಿಯ ವಾಕ್ಯಕ್ಕೆ ಎರಡು ಅರ್ಥವಿರುವುದು ಕಂಡಿತು. ರಿಯಾಯಿತಿ ಕುರ್ಚಿಗಳಿಗೆ ಮಾತ್ರವೋ, ಸಾಗಣೆಗೂ ಸೇರಿಯೋ? ತೆರಿಗೆಯ ವಿಷಯದಲ್ಲಿ ಒಂದು ಅಚ್ಚರಿ ಕಾದಿತ್ತು: ಎರಡೂ ಶೇಕಡಾವಾರು ಆಗಿದ್ದರೆ, ರಿಯಾಯಿತಿಯನ್ನು ತೆರಿಗೆಗೆ ಮೊದಲು ಕಳೆದರೂ ನಂತರ ಕಳೆದರೂ ಒಟ್ಟು ಮೊತ್ತ ಒಂದೇ. ಸಾಗಣೆ ಹಾಗಲ್ಲ, ಅದು ಮೊತ್ತವನ್ನೇ ಬದಲಿಸುತ್ತದೆ. ಆದ್ದರಿಂದ "ಕುರ್ಚಿಗಳ ಬೆಲೆಯ ಮೇಲೆ ಮಾತ್ರ ಶೇ 10 ರಿಯಾಯಿತಿ" ಎಂದು ಬರೆದು, ಕೆಳಗೆ ಒಂದು ಕುರ್ಚಿಯ ದರ, 40ರ ಬೆಲೆ, ರಿಯಾಯಿತಿ, ತೆರಿಗೆ, ಸಾಗಣೆ, ಒಟ್ಟು ಮೊತ್ತ ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಕೊಟ್ಟೆ. "ಒಂದು ವಾರ" ಎಂಬಲ್ಲಿ ಕೊನೆಯ ದಿನಾಂಕವನ್ನೇ ಹಾಕಿದೆ.

ಕಾಗುಣಿತ ಪರೀಕ್ಷಕದಿಂದ ಪ್ರಯೋಜನವಾಗಲಿಲ್ಲ. 40 ಇರಬೇಕಾದಲ್ಲಿ 14 ಇದ್ದರೂ ಅದಕ್ಕೆ ತಿಳಿಯುವುದಿಲ್ಲ. ಅಂಕಿಗಳನ್ನು ಗ್ರಾಹಕರ ಮೂಲ ಪತ್ರದೊಂದಿಗೆ ಕಣ್ಣಾರೆ ಹೋಲಿಸಲೇಬೇಕು. ಆರಂಭಕ್ಕೆ ಸೂಚಿಸಿದ್ದ ಉದ್ದನೆಯ ವಿನಯದ ಸಾಲುಗಳನ್ನು ಬಿಟ್ಟೆ. ಅವು ಇದ್ದರೆ ದರದ ಸಾಲುಗಳು ಇಮೇಲ್‌ನಲ್ಲಿ ತೀರಾ ಕೆಳಗೆ ಹೋಗುತ್ತಿದ್ದವು.

ಗ್ರಾಹಕರು ಮೊತ್ತದ ಬಗ್ಗೆ ಏನನ್ನೂ ಕೇಳಲಿಲ್ಲ. ತಲುಪಿಸುವ ದಿನವನ್ನಷ್ಟೇ ಬದಲಿಸಿಕೊಂಡರು.