ಗುಹೆಯ ಕಥೆಯ ಪ್ರೋಗ್ರಾಂ: ಗುಟ್ಟು ಗೊತ್ತಿಲ್ಲದವನೂ 20 ಸುತ್ತು ಗೆಲ್ಲುತ್ತಿದ್ದಾನೆ, ತಪ್ಪು ಎಲ್ಲಿದೆ?

ಆರನೇ_ಸೆಮ್

ಎಲ್ಲರಿಗೂ ನಮಸ್ಕಾರ. ಮುಂದಿನ ವಾರದ ಸೆಮಿನಾರಿಗೆ ನಾನು ಜೀರೋ-ನಾಲೆಡ್ಜ್ ಪ್ರೂಫ್, ಅಂದರೆ ಗುಟ್ಟನ್ನು ಬಿಟ್ಟುಕೊಡದೆಯೇ ಅದು ತನಗೆ ಗೊತ್ತಿದೆ ಎಂದು ಸಾಬೀತುಪಡಿಸುವ ವಿಷಯವನ್ನು ಆರಿಸಿಕೊಂಡಿದ್ದೇನೆ. ಆರಂಭದಲ್ಲಿ ಗುಹೆಯ ಕಥೆಯನ್ನು ಹೇಳಿ, ಅದರ ಬೆನ್ನಿಗೆ ಒಂದು ಪೈಥಾನ್ ಪ್ರೋಗ್ರಾಂ ತೋರಿಸಬೇಕೆಂದಿದ್ದೇನೆ.

ಕಥೆ ನಿಮಗೆ ಗೊತ್ತಿರುವುದೇ. ಗುಹೆಯ ಬಾಯಿಂದ ಸ್ವಲ್ಪ ಒಳಗೆ ದಾರಿ ಎಡಕ್ಕೂ ಬಲಕ್ಕೂ ಕವಲೊಡೆಯುತ್ತದೆ. ಎರಡೂ ಕವಲುಗಳು ಹಿಂಭಾಗದಲ್ಲಿ ಒಂದು ಬಾಗಿಲಿನ ಎರಡು ಬದಿಗೆ ಬಂದು ನಿಲ್ಲುತ್ತವೆ, ಮತ್ತು ಆ ಬಾಗಿಲು ಗುಟ್ಟಿನ ಮಾತು ಹೇಳಿದರೆ ಮಾತ್ರ ತೆರೆಯುತ್ತದೆ. ಆ ಮಾತು ತನಗೆ ಗೊತ್ತಿದೆ ಎನ್ನುವ ಪೆಗ್ಗಿ ಮೊದಲು ಒಳಗೆ ಹೋಗಿ ಯಾವುದಾದರೂ ಒಂದು ಕವಲು ಹಿಡಿಯುತ್ತಾಳೆ. ಆಮೇಲೆ ಅವಳನ್ನು ಪರೀಕ್ಷಿಸುವ ವಿಕ್ಟರ್ ಕವಲಿನ ಬಳಿ ಬಂದು "ಎಡ" ಅಥವಾ "ಬಲ" ಎಂದು ಕೂಗುತ್ತಾನೆ. ಅವಳು ಆ ಕಡೆಯಿಂದಲೇ ಹೊರಬರಬೇಕು.

ಪ್ರೋಗ್ರಾಂನಲ್ಲಿ p = 23, q = 11, g = 2 ಇಟ್ಟುಕೊಂಡಿದ್ದೇನೆ. ಪೆಗ್ಗಿಯ ಗುಟ್ಟು x = 7, ಎಲ್ಲರಿಗೂ ತಿಳಿದಿರುವುದು y = 13, ಅಂದರೆ 2ರ ಏಳನೇ ಘಾತವನ್ನು 23ರಿಂದ ಭಾಗಿಸಿದ ಶೇಷ. ಗುಟ್ಟು ಗೊತ್ತಿಲ್ಲದ ಮೋಸಗಾರನಿಗೂ ಒಂದು ಕ್ಲಾಸ್ ಬರೆದಿದ್ದೇನೆ. ಅವನು ಪ್ರತಿ ಸುತ್ತಿನಲ್ಲಿ ಅರ್ಧದಷ್ಟು ಸಲ ಸೋಲಬೇಕಿತ್ತು, ಆದರೆ ಒಂದು ಸುತ್ತನ್ನೂ ಸೋಲುತ್ತಿಲ್ಲ.

```python
# ಮೋಸಗಾರನ ಕ್ಲಾಸ್
def enter(self, c):
    self.s = random.randrange(q)
    return pow(g, self.s, p) * pow(y, -c, p) % p

def answer(self, c):
    return self.s

# ಆಟ
for i in range(20):
    c = random.randrange(2)
    t = prover.enter(c)
    s = prover.answer(c)
    assert pow(g, s, p) == t * pow(y, c, p) % p
```

ಇನ್ನೊಂದು ಪ್ರಶ್ನೆ ನಮ್ಮ ಮೇಡಂ ಕೇಳಿದ್ದು. ಪೆಗ್ಗಿ ವಿಕ್ಟರನ ಕಣ್ಣೆದುರೇ ಎಡದಿಂದ ಒಳಹೋಗಿ ಬಲದಿಂದ ಹೊರಬಂದರೆ ಒಂದೇ ಸಲಕ್ಕೆ ಸಾಬೀತಾಗುತ್ತದೆ, ಗುಟ್ಟಿನ ಮಾತೂ ಅವನ ಕಿವಿಗೆ ಬೀಳುವುದಿಲ್ಲ. ಹಾಗಿರುವಾಗ 20 ಸಲ ಕೂಗಿಸುವ ಈ ಶ್ರಮ ಏಕೆ? ನನಗೆ ಉತ್ತರ ತೋಚಲಿಲ್ಲ.

ಮಧ್ಯರಾತ್ರಿ_ಕೋಡ್

random ಮಾಡ್ಯೂಲ್ ಭದ್ರತೆಯ ಕೆಲಸಕ್ಕೆ ಮಾಡಿದ್ದಲ್ಲ, ಅದು ಮುಂದೆ ಕೊಡುವ ಅಂಕಿಗಳನ್ನು ಊಹಿಸಬಹುದು. ಅದರ ಬದಲು secrets ಬಳಸಿ. ಸುತ್ತುಗಳನ್ನೂ 20ರಿಂದ 40ಕ್ಕೆ ಏರಿಸಿ. ಮೋಸಗಾರ ಗೆಲ್ಲುವ ಸಾಧ್ಯತೆ ಪ್ರತಿ ಸುತ್ತಿಗೂ ಅರ್ಧಕ್ಕೆ ಇಳಿಯುವುದರಿಂದ 40 ಸುತ್ತಿನಲ್ಲಿ ಅವನು ಸಿಕ್ಕಿಬೀಳಲೇಬೇಕು.

ಶೇಷಗಣಿತ

secrets ವಿಷಯದಲ್ಲಿ ಮೇಲಿನ ಸಲಹೆ ಸರಿಯಾಗಿದೆ, ನಿಜವಾದ ಬಳಕೆಗೆ ಅದೇ ಬೇಕು. ಆದರೆ ಇಲ್ಲಿನ ಕಾರಣ ಅದಲ್ಲ. ಸುತ್ತು ಹೆಚ್ಚಿಸಿದರೆ ಅರ್ಧಕ್ಕೆ ಇಳಿಯುವುದು, ಒಂದು ಸುತ್ತಿನಲ್ಲಿ ಸೋಲುವ ಸಾಧ್ಯತೆ ಅರ್ಧದಷ್ಟು ಇದ್ದಾಗ ಮಾತ್ರ. ಇವರ ಮೋಸಗಾರ ಒಮ್ಮೆಯೂ ಸೋಲದಿರುವುದರಿಂದ 40 ಸುತ್ತು ಆಡಿಸಿದರೂ 40ನ್ನೂ ಗೆಲ್ಲುತ್ತಾನೆ.

ಆಟದ ಮೊದಲ ಎರಡು ಸಾಲುಗಳನ್ನು ಗುಹೆಯ ಕಥೆಯಾಗಿ ಓದಿ ನೋಡಿ. c ಎಂದರೆ ವಿಕ್ಟರನ ಕೂಗು, t ಎಂದರೆ ಪೆಗ್ಗಿ ಹಿಡಿದ ಕವಲು. ನಿಮ್ಮ ಪ್ರೋಗ್ರಾಂನಲ್ಲಿ ಕೂಗು ಮೊದಲು ಹುಟ್ಟಿ, ಅದನ್ನು ಕೇಳಿಸಿಕೊಂಡ ಮೇಲೆ ಮೋಸಗಾರ ಒಳಗೆ ಹೋಗುತ್ತಿದ್ದಾನೆ. ಎಲ್ಲಿಂದ ಬಾ ಎನ್ನುತ್ತಾರೆ ಎಂಬುದು ಮೊದಲೇ ತಿಳಿದರೆ ಅದೇ ಕವಲಿನಲ್ಲಿ ಹೋಗಿ ನಿಂತು, ಕೂಗಿದಾಗ ತಿರುಗಿ ಬಂದರಾಯಿತು. ಬಾಗಿಲಿನ ಹತ್ತಿರ ಸುಳಿಯುವ ಅಗತ್ಯವೇ ಇಲ್ಲ.

ಅಂಕಿಗಳಲ್ಲೂ ಅದೇ ನಡೆದಿದೆ. c = 1 ಎಂದು ತಿಳಿದ ಮೋಸಗಾರ s = 6 ಎಂಬ ಉತ್ತರವನ್ನು ಮೊದಲೇ ಆರಿಸಿಕೊಂಡ ಎನ್ನಿ. 2ರ ಆರನೇ ಘಾತ 64, ಅದನ್ನು 23ರಿಂದ ಭಾಗಿಸಿದರೆ ಶೇಷ 18. ಅವನು ಈ 18ನ್ನು 13ರ ವಿಲೋಮವಾದ 16ರಿಂದ ಗುಣಿಸಿ, ಶೇಷ 12ನ್ನು t ಎಂದು ಕೊಡುತ್ತಾನೆ. ವಿಕ್ಟರ್ ಪರೀಕ್ಷಿಸಿದಾಗ 12 × 13 = 156, ಶೇಷ 18, ತಾಳೆಯಾಗುತ್ತದೆ. ಉತ್ತರವನ್ನು ಮೊದಲು ಬರೆದು ಪ್ರಶ್ನೆಗೆ ಹೊಂದುವಂತೆ t ಅನ್ನು ಹಿಂದಿನಿಂದ ಕಟ್ಟಿದ್ದಾನೆ, x = 7 ಎಂಬುದು ಎಲ್ಲಿಯೂ ಬಳಕೆಯಾಗಿಲ್ಲ. ಅದೇ t = 12 ಕೊಟ್ಟ ಮೇಲೆ c = 0 ಎಂದು ಕೇಳಿದ್ದರೆ, 2ರ ಯಾವ ಘಾತ 12 ಆಗುತ್ತದೆ ಎಂದು ಅವನು ಹುಡುಕಬೇಕಿತ್ತು. ಇಷ್ಟು ಸಣ್ಣ ಅಂಕಿಗಳಲ್ಲಿ ಹುಡುಕಿದರೆ 10 ಎಂದು ಸಿಕ್ಕೀತು, ಆದರೆ p ಸಾವಿರಾರು ಬಿಟ್‌ಗಳಷ್ಟು ದೊಡ್ಡದಾದರೆ ಸಿಗುವುದಿಲ್ಲ.

ಮೋಸಗಾರನಿಗೆ c ಕೊಡಬೇಡಿ. ಅವನು ತನ್ನದೇ ಊಹೆಯಿಂದ t ಕಟ್ಟಲಿ, t ಕೈಗೆ ಬಂದ ಮೇಲೆ ವಿಕ್ಟರ್ c ಆರಿಸಲಿ.

```python
t = prover.enter()
c = secrets.randbelow(2)
s = prover.answer(c)
```

ಆದರೆ ನಿಮ್ಮ ಹಳೆಯ ಪ್ರೋಗ್ರಾಂ ಅನ್ನು ಅಳಿಸಬೇಡಿ. ನಿಮ್ಮ ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಆರನೇ_ಸೆಮ್

ತುಂಬಾ ಧನ್ಯವಾದಗಳು ಸರ್. ಮೋಸಗಾರ ಊಹಿಸಬೇಕಾದದ್ದನ್ನೂ ವಿಕ್ಟರ್ ಕೇಳಬೇಕಾದದ್ದನ್ನೂ ನಾನು c ಎಂಬ ಒಂದೇ ಹೆಸರಿನಲ್ಲಿ ಇಟ್ಟಿದ್ದೆ, ಹಾಗಾಗಿ ಊಹೆಯ ಜಾಗಕ್ಕೆ ನಿಜವಾದ ಪ್ರಶ್ನೆಯೇ ಹೋಗುತ್ತಿತ್ತು. ಈಗ ಊಹೆಯನ್ನು ಬೇರೆ ಮಾಡಿದ್ದೇನೆ. 3 ಸುತ್ತುಗಳ ಆಟವನ್ನು 1000 ಸಲ ಆಡಿಸಿದಾಗ ಮೋಸಗಾರ 131 ಸಲ ಗೆದ್ದ, ಎಂಟರಲ್ಲಿ ಒಂದು ಎಂಬ ಲೆಕ್ಕಕ್ಕೆ ಇದು ಹತ್ತಿರವಿದೆ. 20 ಸುತ್ತಿನ ಆಟದಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. ಆದರೆ ಹಳೆಯ ತಪ್ಪು ಪ್ರೋಗ್ರಾಂನಲ್ಲಿ ಮೇಡಂ ಪ್ರಶ್ನೆಗೆ ಉತ್ತರ ಹೇಗಿದೆ ಎಂಬುದು ತಿಳಿಯಲಿಲ್ಲ.

ವಾಣಿಜ್ಯ_ಓದುಗ

ನಾನು ಕಂಪ್ಯೂಟರ್ ಓದಿದವನಲ್ಲ, ಆದರೂ ಕೇಳುತ್ತೇನೆ. ನಮ್ಮ ಸಹಕಾರ ಸಂಘದ ತಂತ್ರಾಂಶದಲ್ಲಿ ಪಾಸ್‌ವರ್ಡ್ ಅನ್ನು ಹಾಗೆಯೇ ಉಳಿಸದೆ ಹ್ಯಾಷ್ ಮಾಡಿ ಉಳಿಸುತ್ತಾರಂತೆ. ಗುಟ್ಟು ಯಾರಿಗೂ ಕಾಣುವುದಿಲ್ಲ ಎಂದ ಮೇಲೆ ಅದೂ ಇದೇ ಅಲ್ಲವೇ?

ಶೇಷಗಣಿತ

ಅಲ್ಲ. ನೀವು ಲಾಗಿನ್ ಆಗುವಾಗ ಸಾಮಾನ್ಯವಾಗಿ ಪಾಸ್‌ವರ್ಡ್ ಆ ಕಡೆಯ ಕಂಪ್ಯೂಟರನ್ನು ತಲುಪಿಯೇ ತಲುಪುತ್ತದೆ, ಹ್ಯಾಷ್ ಆಗುವುದು ಅಲ್ಲಿ. ಗುಹೆಗೆ ಹೋಲಿಸಿದರೆ, ವಿಕ್ಟರನ ಕಿವಿಯಲ್ಲಿ ಗುಟ್ಟಿನ ಮಾತನ್ನು ಹೇಳಿ ಅವನು ಅದನ್ನು ಬರೆದಿಟ್ಟುಕೊಳ್ಳಲಾರ ಎಂದು ನಂಬಿದಂತೆ.

ಈಗ ಮೇಡಂ ಪ್ರಶ್ನೆ. ಎಡದಿಂದ ಹೋಗಿ ಬಲದಿಂದ ಬಂದರೆ ವಿಕ್ಟರನಿಗೆ ಖಾತ್ರಿಯಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅವನು ಅದನ್ನು ಕ್ಯಾಮೆರಾದಲ್ಲಿ ಹಿಡಿದಿದ್ದರೆ, ಆ ಚಿತ್ರ ನೋಡಿದವರಿಗೆಲ್ಲ ಖಾತ್ರಿಯಾಗುತ್ತದೆ. ಪೆಗ್ಗಿಯ ಸಹಾಯವಿಲ್ಲದೆ ವಿಕ್ಟರ್ ಎಂದೂ ತಯಾರಿಸಲಾಗದ ಒಂದು ವಸ್ತು ಅವನ ಕೈಗೆ ಬಂದಿತು. ಗುಟ್ಟಿನ ಮಾತು ಬಾರದಿದ್ದರೂ ಅವನಿಗೆ ಏನೋ ಸಂದಾಯವಾಗಿದೆ, ಆದ್ದರಿಂದ ಅಲ್ಲಿ ಜೀರೋ-ನಾಲೆಡ್ಜ್ ಎನ್ನುವಾಗಿನ ಶೂನ್ಯ ಎಂಬ ಮಾತು ನಿಲ್ಲುವುದಿಲ್ಲ.

ಈ ಕಥೆಯನ್ನು ಕ್ವಿಸ್ಕಾಟರ್, ಗಿಲ್ಲೂ ಮೊದಲಾದವರು 1989ರ ಕ್ರಿಪ್ಟೋ ಸಮ್ಮೇಳನಕ್ಕೆ ಬರೆದಾಗ ಅದರಲ್ಲಿ ಟಿವಿ ವರದಿಗಾರರ ಪ್ರಸಂಗವೊಂದಿತ್ತು. ಈಗ ಕಥೆ ಹೇಳುವವರು ಅದನ್ನೇ ಬಿಟ್ಟುಬಿಡುತ್ತಾರೆ, ನನಗೆ ಇದು ಬಹಳ ಬೇಸರದ ಸಂಗತಿ. ಒಬ್ಬ ವರದಿಗಾರ ಗುಟ್ಟು ಬಲ್ಲವನೊಂದಿಗೆ ಆಟವನ್ನು ಚಿತ್ರೀಕರಿಸುತ್ತಾನೆ. ಹೊಟ್ಟೆಕಿಚ್ಚಿನ ಇನ್ನೊಬ್ಬ ವರದಿಗಾರ, ಗುಟ್ಟು ಅರಿಯದ ಆದರೆ ಅದೇ ಮುಖಚಹರೆಯ ಒಬ್ಬನನ್ನು ಕರೆತಂದು, ಅವನು ತಪ್ಪು ಕಡೆಯಿಂದ ಬಂದ ದೃಶ್ಯಗಳನ್ನೆಲ್ಲ ಕತ್ತರಿಸಿ ಸರಿಯಾದವನ್ನು ಮಾತ್ರ ಜೋಡಿಸುತ್ತಾನೆ. ಎರಡು ಚಿತ್ರಗಳಲ್ಲಿ ಯಾವುದು ಅಸಲಿ ಎಂದು ನ್ಯಾಯಾಲಯಕ್ಕೂ ಹೇಳಲಾಗುವುದಿಲ್ಲ. ಅಸಲಿಯಂತೆಯೇ ಇರುವ ಚಿತ್ರವನ್ನು ಗುಟ್ಟಿಲ್ಲದೆ ತಯಾರಿಸಬಹುದಾದರೆ, ಅಸಲಿ ಚಿತ್ರದಿಂದ ನೋಡುಗನಿಗೆ ಹೊಸದೇನೂ ಸಿಕ್ಕಿರಲಾರದು. ಶೂನ್ಯಜ್ಞಾನ ಎಂಬುದನ್ನು ಸಾಧಿಸುವ ದಾರಿ ಇದೇ.

ನಿಮ್ಮ ಹಳೆಯ ಪ್ರೋಗ್ರಾಂ ಆ ಎರಡನೆಯ ವರದಿಗಾರ. ಅದು ಕೊಡುವ t, c, s ಮೂರನ್ನು ಅಸಲಿ ಪೆಗ್ಗಿಯ ಆಟದ ದಾಖಲೆಯ ಪಕ್ಕದಲ್ಲಿಟ್ಟರೆ ಬೇರ್ಪಡಿಸಲು ಸಾಧ್ಯವೇ ಇಲ್ಲ. ವಿಕ್ಟರ್ ನಂಬುವುದು ಆ ಮೂರು ಅಂಕಿಗಳನ್ನು ನೋಡಿ ಅಲ್ಲ, ಅವು ಬಂದ ಕ್ರಮವನ್ನು ತಾನೇ ಎದುರಿಗಿದ್ದು ಕಂಡದ್ದರಿಂದ. ಸೆಮಿನಾರಿನಲ್ಲಿ ಎರಡೂ ಪ್ರೋಗ್ರಾಂಗಳನ್ನು ಒಂದರ ಪಕ್ಕ ಒಂದು ತೋರಿಸಿ.

ಮಧ್ಯರಾತ್ರಿ_ಕೋಡ್

ನನ್ನ ಸಲಹೆ ಕಾರಣವನ್ನು ಮುಟ್ಟಿರಲಿಲ್ಲ, ಒಪ್ಪುತ್ತೇನೆ. ಆದರೆ random ವಿಷಯವನ್ನು ನಾನು ಎತ್ತಿದ್ದಕ್ಕೆ ಹಿನ್ನೆಲೆಯಿದೆ. ಕಾಲೇಜಿನ ಪ್ರಾಜೆಕ್ಟಿನಲ್ಲಿ ನಾನು ಇದೇ ಪ್ರೋಟೋಕಾಲ್ ಬರೆದಿದ್ದೆ. ಪರೀಕ್ಷಿಸುವಾಗ ಪ್ರತಿ ಸಲ ಒಂದೇ ಫಲಿತಾಂಶ ಬರಲೆಂದು ಪೆಗ್ಗಿ ಪ್ರತಿ ಸುತ್ತಿಗೂ ಹೊಸದಾಗಿ ಆರಿಸಿ, g ಯ ಆ ಘಾತವನ್ನು t ಎಂದು ಕೊಡಬೇಕಾದ r ಎಂಬ ಅಂಕಿಯನ್ನು 5 ಎಂದು ಕಟ್ಟಿಹಾಕಿದ್ದೆ, ತೆಗೆಯಲು ಮರೆತೆ. ಎಲ್ಲ ಸುತ್ತುಗಳಲ್ಲೂ t ಒಂದೇ ಬರುತ್ತಿದ್ದದ್ದನ್ನು ಕಂಡ ಸಹಪಾಠಿಯೊಬ್ಬ ಕಾಗದದ ಮೇಲೆಯೇ ನನ್ನ ಗುಟ್ಟನ್ನು ಬರೆದು ತೋರಿಸಿದ. ಪರೀಕ್ಷೆ ಮಾತ್ರ ಪ್ರತಿ ಸಲವೂ ಪಾಸಾಗುತ್ತಿತ್ತು.

ಶೇಷಗಣಿತ

ನಿಮ್ಮ ಸಹಪಾಠಿ ಮಾಡಿದ್ದು ಈ ಅಂಕಿಗಳಲ್ಲಿ ಹೀಗಿರುತ್ತದೆ. r = 5 ಆದರೆ t = 9. c = 0 ಎಂದಾಗ ಉತ್ತರ 5, c = 1 ಎಂದಾಗ ಉತ್ತರ 5 + 7 = 12, ಅಂದರೆ 11ರಿಂದ ಭಾಗಿಸಿದ ಶೇಷ 1. ಒಂದರಿಂದ ಐದನ್ನು ಕಳೆದರೆ −4, ಅದು 11ರ ಲೆಕ್ಕದಲ್ಲಿ 7, ಗುಟ್ಟು ಹೊರಬಿತ್ತು. ಒಂದೇ t ಗೆ ಎರಡೂ ಉತ್ತರ ಕೊಡಬಲ್ಲವನಲ್ಲಿ ಗುಟ್ಟು ಇದ್ದೇ ಇದೆ ಎಂದು ಹೇಳುವುದು ಇದೇ ಲೆಕ್ಕದ ಬಲದಿಂದ. ಆದ್ದರಿಂದಲೇ ಪೆಗ್ಗಿ ಒಂದು t ಗೆ ಎರಡು ಸಲ ಉತ್ತರಿಸಕೂಡದು.

ಆರನೇ_ಸೆಮ್

ಇನ್ನೊಂದೇ ಒಂದು ಸಂದೇಹ. 20 ಸುತ್ತನ್ನು ಒಂದಾದ ಮೇಲೊಂದು ಆಡುವ ಬದಲು, 20 t ಗಳನ್ನು ಒಟ್ಟಿಗೆ ಕಳುಹಿಸಿ 20 ಪ್ರಶ್ನೆಗಳನ್ನು ಒಟ್ಟಿಗೆ ಪಡೆದರೆ ಸಮಯ ಉಳಿಯುತ್ತದೆಯಲ್ಲವೇ?

ಶೇಷಗಣಿತ

ಮೋಸಗಾರನಿಗೆ ಅದರಿಂದ ಲಾಭವಿಲ್ಲ, ಅವನ ಅವಕಾಶ ಆಗಲೂ ಸುಮಾರು ಹತ್ತು ಲಕ್ಷಕ್ಕೆ ಒಂದೇ. ತೊಡಕು ಬರುವುದು ವರದಿಗಾರನಿಗೆ. ವಿಕ್ಟರ್ t ನೋಡಿ ತನ್ನದೇ ಯುಕ್ತಿಯಿಂದ ಪ್ರಶ್ನೆ ಆರಿಸುವವನಾದರೂ, ಒಂದೊಂದಾಗಿ ಆಡಿದರೆ ವರದಿಗಾರ ಸುತ್ತಿಗೆ ಸರಾಸರಿ ಎರಡು ಸಲ ಚಿತ್ರೀಕರಿಸಿ, 40ರ ಆಸುಪಾಸಿನ ದೃಶ್ಯಗಳಲ್ಲಿ ಮುಗಿಸುತ್ತಾನೆ. ಒಟ್ಟಿಗೆ ಆಡಿದರೆ 20 ಊಹೆಗಳೂ ಒಂದೇ ದೃಶ್ಯದಲ್ಲಿ ಸರಿಯಾಗಬೇಕು, ಅದಕ್ಕೆ ಸುಮಾರು ಹತ್ತು ಲಕ್ಷ ದೃಶ್ಯಗಳು ಬೇಕು. ಕಂಪ್ಯೂಟರ್ ಅಷ್ಟನ್ನು ಮಾಡೀತು, ಆದರೆ 128 ಸುತ್ತುಗಳಿಗೆ ಏರಿಸಿದರೆ ಆಗದ ಮಾತು. ಗುಟ್ಟು ಸೋರುತ್ತದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ, ಸೋರುವುದಿಲ್ಲ ಎಂದು ತೋರಿಸುತ್ತಿದ್ದ ನಮ್ಮ ದಾರಿ ಮುಚ್ಚಿಹೋಗುತ್ತದೆ.

ಮಧ್ಯರಾತ್ರಿ_ಕೋಡ್

ವಿಕ್ಟರ್ ತನ್ನ 20 ಪ್ರಶ್ನೆಗಳನ್ನು ಪೆಗ್ಗಿ ಒಳಹೋಗುವ ಮೊದಲೇ ಲಕೋಟೆಯಲ್ಲಿ ಹಾಕಿ ಅಂಟಿಸಿಟ್ಟರೆ ಈ ತೊಡಕು ಬಗೆಹರಿಯುವುದಿಲ್ಲವೇ? t ನೋಡಿ ಪ್ರಶ್ನೆ ಬದಲಿಸಲು ಅವನಿಗೆ ಆಗ ಆಸ್ಪದವಿರುವುದಿಲ್ಲ.

ಶೇಷಗಣಿತ

ಅದು ಒಳ್ಳೆಯ ದಾರಿ, ಆದರೆ ಆ ಲಕೋಟೆ ಎಂಥದ್ದು ಎಂಬುದು ಮುಖ್ಯವಾಗುತ್ತದೆ. ಪೆಗ್ಗಿ ಅದನ್ನು ಬೆಳಕಿಗೆ ಹಿಡಿದು ಓದುವಂತಿದ್ದರೆ ನಾವು ಮತ್ತೆ ಮೊದಲ ಪ್ರೋಗ್ರಾಂಗೇ ಬಂದು ನಿಲ್ಲುತ್ತೇವೆ. ವಿಕ್ಟರ್ ಆಮೇಲೆ ಅದನ್ನು ಬದಲಿಸುವಂತಿದ್ದರೆ ಲಕೋಟೆ ಇದ್ದೂ ಉಪಯೋಗವಿಲ್ಲ. ನೀವು ಯಾವ ರೀತಿಯ ಲಕೋಟೆಯನ್ನು ಯೋಚಿಸಿದ್ದೀರಿ ಎಂದು ಬರೆಯಿರಿ, ಅಂಕಿ ಹಾಕಿ ನೋಡೋಣ.